ಪಾವತಿ ಇದೆ, ಕಿರ್ದಿಯಲ್ಲಿ ಜಮಾ ಇಲ್ಲ

2024ರ ಜುಲೈ, ಮುಂಗಾರಿನ ಗದ್ದಲದ ಕಾಲ. ಹಾವೇರಿ ಜಿಲ್ಲೆಯಲ್ಲಿ ಬೀಜ, ಗೊಬ್ಬರ, ಕೀಟನಾಶಕಗಳ ಸಗಟು ವ್ಯಾಪಾರ ಮಾಡುವ ಒಂದು ಪಾಲುದಾರಿಕೆ ಅಂಗಡಿಯಿಂದ ನನಗೆ ಫೋನ್ ಬಂತು. ನಾನು ಊರಿನ ಕೆಲವು ಅಂಗಡಿಗಳ ಲೆಕ್ಕ ಬರೆದುಕೊಡುವವಳು. ಆ ಅಂಗಡಿಯ ಲೆಕ್ಕ ಅಲ್ಲಿಯವರೆಗೆ ನನ್ನ ಕೈಯಲ್ಲಿರಲಿಲ್ಲ. ಯಜಮಾನರು ಇಷ್ಟೇ ಹೇಳಿದರು: "ಮೇಡಂ, ಒಮ್ಮಿ ಬಂದು ನೋಡ್ರಿ. ಹೊರಗ ಯಾರ ಮುಂದೂ ಮಾತಾಡಬ್ಯಾಡ್ರಿ."

ನಡೆದದ್ದು ಹೀಗೆ. ಒಂಬತ್ತು ವರ್ಷಗಳಿಂದ ಗಲ್ಲೆಯ ಮೇಲೆ ಕೂತಿದ್ದ ಕ್ಯಾಶಿಯರ್ ಜ್ವರ ಬಂದು ಮನೆಯಲ್ಲಿ ಮಲಗಿದ್ದ. ಅವನ ಜಾಗದಲ್ಲಿ ಗೋದಾಮಿನ ಹುಡುಗನನ್ನು ಕೂರಿಸಿದ್ದರು. ಹಳ್ಳಿಯೊಂದರ ಅಂಗಡಿಯವರು ಮಾಲು ಎತ್ತಲು ಬಂದಾಗ ಹುಡುಗ ಕಂಪ್ಯೂಟರಿನ ಟ್ಯಾಲಿ ಲೆಕ್ಕ ನೋಡಿ, "ಹಳೇ ಬಾಕಿ ಅರವತ್ತೆರಡು ಸಾವಿರ ಐತ್ರಿ" ಎಂದ. ಅವರು ಅಂಗಿಯ ಜೇಬಿನಿಂದ ಮಡಚಿದ ಕಾಗದ ತೆಗೆದರು. "ಅಲ್ರೀ, ಹೋದ ತಿಂಗಳನ ಅಷ್ಟೂ ಮುಟ್ಟಿಸೇನಿ. ಪಾವತಿ ನೋಡ್ರಿ, ನಿಮ್ದ ಸಿಕ್ಕಾ ಐತಿ." ಪಾವತಿ ಅಂಗಡಿಯದೇ, ನಂಬರು ಸರಿ, ಸಹಿ ಕ್ಯಾಶಿಯರನದು. ಟ್ಯಾಲಿಯಲ್ಲಿ ಮಾತ್ರ ಆ ರೊಕ್ಕದ ಜಮಾ ಇರಲಿಲ್ಲ.

ಯಜಮಾನರು ಮೊದಲು ಗಲ್ಲೆಯ ನಗದು ಎಣಿಸಿದ್ದರು. ಎಣಿಕೆ ಟ್ಯಾಲಿಯ ನಗದು ಬಾಕಿಗೆ ರೂಪಾಯಿಯೂ ಹೆಚ್ಚುಕಡಿಮೆ ಇಲ್ಲದೆ ತಾಳೆಯಾಗಿತ್ತು. ಅವರಿಗೆ ಸಮಾಧಾನವಾಗಿತ್ತು, ನನಗೆ ದಿಗಿಲಾದದ್ದು ಅಲ್ಲೇ. ಬಂದ ರೊಕ್ಕವನ್ನು ಕಿರ್ದಿಗೆ ಬರೆದು ಆಮೇಲೆ ಎತ್ತಿದ್ದರೆ ಗಲ್ಲೆಯಲ್ಲಿ ಕಡಿಮೆ ಬೀಳುತ್ತಿತ್ತು. ಬರೆಯುವ ಮೊದಲೇ ಎತ್ತಿದರೆ ಗಲ್ಲೆ ಸರಿಯಾಗಿಯೇ ಇರುತ್ತದೆ, ಕೊರತೆ ಗಿರಾಕಿಗಳ ಖಾತೆಗಳೊಳಗೆ ಹೋಗಿ ಕೂರುತ್ತದೆ. ಉದ್ರಿ ಪಟ್ಟಿಯಲ್ಲಿ ಬರಬೇಕಾದ ಬಾಕಿ ಎಂದು ಕಾಣುವ ಮೊತ್ತದಲ್ಲಿ ಒಂದು ಪಾಲು ಆಗಲೇ ಬಂದು, ಬೇರೆ ಕಡೆ ಹೋಗಿಯಾಗಿದೆ. ತಿಂಗಳಾನುಗಟ್ಟಲೆ ಇದು ಬಯಲಾಗದಿರಲು ಕಾರಣವೂ ಇದೇ. ದಿನಾ ಸಂಜೆ ಗಲ್ಲೆ ಎಣಿಸುವ ಶಿಸ್ತು ಆ ಅಂಗಡಿಯಲ್ಲಿತ್ತು, ಆದರೆ ಆ ಶಿಸ್ತು ನೋಡುತ್ತಿದ್ದ ಜಾಗದಲ್ಲಿ ಕಳವು ಇರಲೇ ಇಲ್ಲ.

ಪಾವತಿ ಪುಸ್ತಕಗಳ ಕಾರ್ಬನ್ ಪ್ರತಿಗಳನ್ನೆಲ್ಲ ಹೊರಗೆ ತೆಗೆಸಿ, 2023ರ ಏಪ್ರಿಲ್‌ನಿಂದ ಒಂದೊಂದಾಗಿ ಟ್ಯಾಲಿಯ ಜಮಾ ಜೊತೆ ಹೊಂದಿಸಲು ಕೂತೆ. ಸೆಪ್ಟೆಂಬರ್‌ವರೆಗೆ ಪಾವತಿಯ ದಿನವೇ ಜಮಾ. 2023ರ ಅಕ್ಟೋಬರ್‌ನಿಂದ ಒಂದೊಂದು ಪಾವತಿ ವಾರ ತಡವಾಗಿ ಬೀಳತೊಡಗಿತ್ತು, ಆಮೇಲೆ ಎರಡು ವಾರ, ಆಮೇಲೆ ತುಂಡು ತುಂಡಾಗಿ. ಯುಪಿಐ, ಚೆಕ್, ಆರ್‌ಟಿಜಿಎಸ್ ಮೂಲಕ ಕೊಡುವವರ ಖಾತೆಗಳಲ್ಲಿ ಒಂದೂ ವ್ಯತ್ಯಾಸವಿಲ್ಲ. ನಗದು ಕೊಡುವ ಹಳ್ಳಿ ಅಂಗಡಿಗಳ ಖಾತೆಗಳಲ್ಲೇ ಎಲ್ಲ ಎಳೆದಾಟ. ಉದ್ರಿ ಪಟ್ಟಿಯನ್ನು ನಗದಿನವರು, ಬ್ಯಾಂಕಿನವರು ಎಂದು ಎರಡಾಗಿ ಒಡೆದು ನೋಡಿದ್ದರೆ ಈ ಸುಳಿವು ಡಿಸೆಂಬರ್‌ನಲ್ಲೇ ಸಿಗುತ್ತಿತ್ತು. ಬೆಳೆ ಬಂದು ರೈತರ ಕೈಯಲ್ಲಿ ರೊಕ್ಕ ಓಡಾಡುವ ಹೊತ್ತಿನಲ್ಲಿ ನಗದಿನ ಗಿರಾಕಿಗಳ ಬಾಕಿ ಇಳಿಯುವ ಬದಲು ಏರಿತ್ತು.

ಇದರ ಒಳಗುಟ್ಟನ್ನು ಜೂನ್‌ನ ಮೂರು ಪಾವತಿಗಳು ಸ್ಪಷ್ಟವಾಗಿ ತೋರಿಸಿದವು. ಜೂನ್ 4ರಂದು ಮೊದಲ ಅಂಗಡಿಯವರು 46,000 ಕೊಟ್ಟಿದ್ದಾರೆ. ಅದು ಕ್ಯಾಶಿಯರನ ಜೇಬಿಗೆ ಹೋಗಿದೆ. ಜೂನ್ 11ರಂದು ಎರಡನೆಯ ಅಂಗಡಿಯವರು 30,000 ಕೊಟ್ಟರು. ಅದನ್ನು ಅವರ ಹೆಸರಿಗೆ ಬರೆಯದೆ ಮೊದಲನೆಯವರ ಖಾತೆಗೆ ಜಮಾ ಮಾಡಿದ್ದಾನೆ. ಜೂನ್ 14ರಂದು ಮೂರನೆಯವರು 41,000 ಕೊಟ್ಟಾಗ ಅದರಲ್ಲಿ 16,000 ಮೊದಲನೆಯವರಿಗೆ, 25,000 ಎರಡನೆಯವರಿಗೆ. ಈಗ ಮೊದಲನೆಯವರ ಲೆಕ್ಕ ಚುಕ್ತಾ. ಎರಡನೆಯವರಿಗೆ 5,000, ಮೂರನೆಯವರಿಗೆ ಪೂರ್ತಿ 41,000 ಜಮಾ ಆಗಬೇಕು. ಕೊರತೆ ಅದೇ 46,000, ಹೆಸರು ಮಾತ್ರ ಬದಲಾಗಿದೆ. ಒಬ್ಬರ ಖಾತೆಯ ಜಮಾ ಮೊತ್ತ ಇನ್ನೊಬ್ಬರ ಪಾವತಿಯ ಮೊತ್ತಕ್ಕೆ ಸರಿಹೊಂದುವುದು ಈ ತಂತ್ರದ ಅಚ್ಚು ಗುರುತು. ಇದನ್ನು ನಡೆಸುವವನು ಒಂದು ದಿನವೂ ರಜೆ ಹಾಕುವಂತಿಲ್ಲ, ಏಕೆಂದರೆ ನಾಳೆ ಯಾರ ರೊಕ್ಕವನ್ನು ಯಾರಿಗೆ ತೋರಿಸಬೇಕೆಂಬುದು ಅವನ ತಲೆಯಲ್ಲೇ ಇರುತ್ತದೆ.

ಇಲ್ಲಿ ದೊಡ್ಡದೊಂದು ತಪ್ಪು ನಡೆದುಹೋಗುವುದರಲ್ಲಿತ್ತು. ಯಜಮಾನರ ಮಗ ತಡವಾಗಿ ಜಮಾ ಆದ, ಆಗದೇ ಉಳಿದ ಪಾವತಿಗಳನ್ನೆಲ್ಲ ಕೂಡಿಸಿ 23 ಲಕ್ಷಕ್ಕೂ ಮೀರಿದ ಮೊತ್ತ ತೆಗೆದು, ಅದೇ ಅಂಕಿ ಹಿಡಿದು ಠಾಣೆಗೆ ಹೊರಟಿದ್ದ. ಮೇಲಿನ ಮೂರು ಪಾವತಿಗಳನ್ನೇ ಹಾಗೆ ಕೂಡಿಸಿದರೆ 1,17,000 ಬರುತ್ತದೆ, ಆದರೆ ಹೋದದ್ದು 46,000 ಮಾತ್ರ. ಒಂದು ತೂತನ್ನು ಇನ್ನೊಂದರಿಂದ ಮುಚ್ಚುತ್ತ ಹೋದಾಗ ಅದೇ ರೊಕ್ಕ ಮತ್ತೆ ಮತ್ತೆ ಲೆಕ್ಕಕ್ಕೆ ಸಿಗುತ್ತದೆ. ಉಬ್ಬಿದ ಅಂಕಿಯ ದೂರನ್ನು ಎದುರಿನ ವಕೀಲರು ಮೊದಲ ವಿಚಾರಣೆಯಲ್ಲೇ ಹರಿದುಹಾಕುತ್ತಾರೆ, ಆಮೇಲೆ ನಿಜದ ಅಂಕಿಯನ್ನೂ ಯಾರೂ ನಂಬುವುದಿಲ್ಲ.

ನಮಗೆ ಬೇಕಾದದ್ದು ಒಂದು ನಿರ್ದಿಷ್ಟ ದಿನಕ್ಕೆ ಎಷ್ಟು ಕೊರತೆ ಇತ್ತು ಎಂಬುದು. ಅದಕ್ಕೆ ಎಕ್ಸೆಲ್ ಹಾಳೆಯೊಂದೇ ಸಾಕಾಯಿತು. B ಕಾಲಮ್ಮಿನಲ್ಲಿ ಪಾವತಿಯ ದಿನಾಂಕ, D ಯಲ್ಲಿ ಪಾವತಿಯ ಮೊತ್ತ, E ಯಲ್ಲಿ ಟ್ಯಾಲಿಯಲ್ಲಿ ಜಮಾ ಆದ ದಿನಾಂಕ, F ನಲ್ಲಿ ಆ ಜಮಾ ಮೊತ್ತ. ಬೇಕಾದ ದಿನಾಂಕವನ್ನು G2 ರಲ್ಲಿ ಹಾಕಿದರೆ, ಆ ದಿನದವರೆಗೆ ಕೊಟ್ಟ ಒಟ್ಟು ಪಾವತಿಯಿಂದ ಆ ದಿನದವರೆಗಿನ ಒಟ್ಟು ಜಮಾ ಕಳೆದು ಉಳಿದದ್ದೇ ಕೊರತೆ:

```
=SUMIFS(D:D,B:B,"<="&G2)-SUMIFS(F:F,E:E,"<="&G2)
```

2024ರ ಮಾರ್ಚ್ 31ಕ್ಕೆ 3,22,000 ಬಂತು, ಪತ್ತೆಯಾದ ದಿನಕ್ಕೆ 5,12,000. ಮಾರ್ಚ್ 31ರ ಅಂಕಿ ಏಕೆ ಬೇಕಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಎರಡನೆಯ ತೂತು ಬ್ಯಾಂಕಿನ ಕಡೆ ಸಿಕ್ಕಿತು. ಕಿರ್ದಿಯಲ್ಲಿ ಮಾರ್ಚ್ 30, ಶನಿವಾರ, ನಗದು 88,000 ಬ್ಯಾಂಕಿಗೆ ಕಟ್ಟಿದ್ದೆಂದು ಬರೆದಿದೆ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಆ ದಿನ ಅಂಥ ಜಮೆಯಿಲ್ಲ. ಕಿರ್ದಿಯನ್ನು ಸ್ಟೇಟ್‌ಮೆಂಟಿನ ಜೊತೆ ಹೊಂದಿಸುವ ವರ್ಷಾಂತ್ಯದ ತಾಳೆಪಟ್ಟಿಯಲ್ಲಿ ಅದನ್ನು "ಕಟ್ಟಿದ್ದು, ಇನ್ನೂ ಜಮೆಯಾಗಬೇಕು" ಎಂಬ ಸಾಲಿಗೆ ಸೇರಿಸಿಬಿಟ್ಟಿದ್ದರು. ಶುಕ್ರವಾರ ಗುಡ್ ಫ್ರೈಡೇ, ಭಾನುವಾರ ಮಾರ್ಚ್ 31, ಸೋಮವಾರ ಬ್ಯಾಂಕುಗಳ ವಾರ್ಷಿಕ ಲೆಕ್ಕದ ರಜೆ, ಅದಕ್ಕೇ ತಡ ಎಂದು ಕ್ಯಾಶಿಯರ್ ಹೇಳಿದ್ದನಂತೆ, ಎಲ್ಲರೂ ಒಪ್ಪಿದ್ದರು. ಆದರೆ ಚೆಕ್ ಕ್ಲಿಯರ್ ಆಗಲು ಸಮಯ ಹಿಡಿಯುತ್ತದೆ, ನಗದಿಗೆ ಹಿಡಿಯುವುದಿಲ್ಲ. ಕೌಂಟರಿನಲ್ಲಿ ಎಣಿಸಿಕೊಂಡ ನಗದು ಆ ದಿನವೇ ಖಾತೆಗೆ ಬರುತ್ತದೆ. ಹಾಗಾಗಿ ತಾಳೆಪಟ್ಟಿಯಲ್ಲಿ ನಗದು ಜಮೆ ಬಾಕಿ ಉಳಿದಿದೆಯೆಂದರೆ ಅದನ್ನು ಅಲ್ಲೇ ನಿಲ್ಲಿಸಿ ಕೇಳಬೇಕು. ಚಲನಿನ ಅರ್ಧಭಾಗ ಫೈಲಿನಲ್ಲಿತ್ತು, ಬ್ಯಾಂಕಿನ ಸಿಕ್ಕಾ ಅದರ ಮೇಲಿರಲಿಲ್ಲ. ಏಪ್ರಿಲ್ ಎರಡನೇ ವಾರದಲ್ಲಿ ಹೊಸ ವಸೂಲಿಯಿಂದ ಅದನ್ನು ತುಂಬಿ, ಬ್ಯಾಂಕಿಗೆ ಕಟ್ಟಿದ್ದೆಂದು ಬರೆದ ಇನ್ನೊಂದು ಜಮೆಯಲ್ಲಿ ದೊಡ್ಡ ಅಂತರ ಬಿಟ್ಟಿದ್ದ. ಪತ್ತೆಯಾದ ದಿನ ಈ ಅಂತರ 1,28,000ಕ್ಕೆ ಬೆಳೆದಿತ್ತು.

ಎರಡೂ ಸೇರಿ 6,40,000. ಅದರಲ್ಲಿ ಮಾರ್ಚ್ 31ರ ಹೊತ್ತಿಗೇ ಹೋಗಿದ್ದು 4,10,000, ಆಮೇಲೆ ಹೋದದ್ದು 2,30,000.

ಅಂಕಿ ಕೈಯಲ್ಲಿ ಹಿಡಿದೇ ಕ್ಯಾಶಿಯರನನ್ನು ಕರೆಸಿದೆವು. ಯಜಮಾನರು, ಅವರ ತಮ್ಮ, ವಕೀಲರು ಇದ್ದರು. ಬೈಗುಳ ಬೇಡ, ಬಾಗಿಲು ಹಾಕಿ ಕೂಡಿಹಾಕುವುದಂತೂ ಬೇಡವೇ ಬೇಡ ಎಂದು ವಕೀಲರು ಮೊದಲೇ ಹೇಳಿದ್ದರು. ಒತ್ತಾಯದಿಂದ ಬರೆಸಿದ ಒಪ್ಪಿಗೆಗೆ ಬೆಲೆಯಿಲ್ಲ, ತಿರುಗಿ ನಮ್ಮ ಮೇಲೇ ದೂರು ಬರುತ್ತದೆ. ಕಾರ್ಬನ್ ಪ್ರತಿ ಒಂದು ಕಡೆ, ಟ್ಯಾಲಿಯ ಪ್ರಿಂಟ್ ಇನ್ನೊಂದು ಕಡೆ ಇಟ್ಟು ಪಾವತಿ ಪಾವತಿಯಾಗಿ ಕೇಳುತ್ತ ಹೋದೆ. ಮೊದಲು "ಎರಡು ಲಕ್ಷ ಇರಬೇಕ್ರಿ" ಎಂದ. ಅವನು ಸುಳ್ಳು ಹೇಳುತ್ತಿದ್ದಾನೆ ಎಂದು ನನಗನ್ನಿಸಲಿಲ್ಲ, ಅವನಿಗೇ ಒಟ್ಟು ಗೊತ್ತಿರಲಿಲ್ಲ. ಸಾಲ ತೀರಿಸಲು ಮೊದಲ ಸಲ ಎತ್ತಿದ್ದು, ಮುಂದಿನ ತಿಂಗಳು ಹಾಕಿಬಿಡುತ್ತೇನೆ ಅಂದುಕೊಂಡಿದ್ದು ಎಂದು ಹೇಳುತ್ತ ಅತ್ತ. ಆಮೇಲೆ ಸಣ್ಣ ಡೈರಿಯೊಂದನ್ನು ಮನೆಯಿಂದ ತರಿಸಿದ. ಯಾರಿಗೆ ಇನ್ನೂ ಜಮಾ ಕೊಡಬೇಕೆಂದು ಅದರಲ್ಲಿ ಬರೆದಿಟ್ಟಿದ್ದ. ಅದರ ಮೊತ್ತ ನಮ್ಮ 5,12,000ಕ್ಕಿಂತ 16,000 ಕಡಿಮೆ ಬಂತು. ಡೈರಿಯಲ್ಲಿ ಬಿಟ್ಟುಹೋಗಿದ್ದ ಒಂದು ಪಾವತಿಯನ್ನು ತೋರಿಸಿದಾಗ ಅದನ್ನೂ ಒಪ್ಪಿ, ಪೂರ್ತಿ ಮೊತ್ತಕ್ಕೆ ಬರೆದುಕೊಟ್ಟ.

ಗಿರಾಕಿಗಳ ವಿಷಯದಲ್ಲಿ ನಾನು ಹಟ ಹಿಡಿದೆ. ಪಾಲುದಾರರಲ್ಲಿ ಒಬ್ಬರು, "ಅವರ ಖಾತೆದಾಗ ಬಾಕಿ ಹಂಗ ಇರಲಿ, ಕ್ಯಾಶಿಯರ್ ಕಡೆಯಿಂದ ಬಂದ ಮ್ಯಾಲ ತೆಗದ್ರಾತು" ಎಂದರು. ಆಗದು. ರೊಕ್ಕ ತೆಗೆದುಕೊಳ್ಳಲು ಅಂಗಡಿಯೇ ಕೂರಿಸಿದ ಮನುಷ್ಯನ ಕೈಗೆ ಕೊಟ್ಟು, ಅಂಗಡಿಯ ಪಾವತಿ ಪಡೆದ ಮೇಲೆ ಗಿರಾಕಿಯ ಸಾಲ ತೀರಿತು. ಆಮೇಲೆ ಆ ರೊಕ್ಕ ಎಲ್ಲಿಗೆ ಹೋಯಿತೆಂಬುದು ಅಂಗಡಿ ಮತ್ತು ಅದರ ನೌಕರನ ನಡುವಿನ ಮಾತು. ಪ್ರತಿ ನಗದು ಗಿರಾಕಿಗೂ ಅವರ ಖಾತೆಯ ನಕಲು ಕಳಿಸಿ, ತಮ್ಮ ಹತ್ತಿರದ ಪಾವತಿಗಳ ಜೊತೆ ಹೊಂದಿಸಿ ಬಾಕಿ ಒಪ್ಪಿ ಸಹಿ ಹಾಕಿಕೊಡಲು ಕೇಳಿದೆವು. ಇಬ್ಬರು ಮೂವರು ಪಾವತಿ ಕಳೆದುಕೊಂಡಿದ್ದರು. ಅವರ ನೋಟ್‌ಬುಕ್ಕಿನ ಬರಹ ನಮ್ಮ ಕಾರ್ಬನ್ ಪ್ರತಿಗೆ ಹೊಂದಿದರೆ ಜಮಾ ಕೊಟ್ಟೆವು. ಒಬ್ಬರು ಕಾರ್ಬನ್ನಿನಲ್ಲೂ ಡೈರಿಯಲ್ಲೂ ಇಲ್ಲದ 20,000 ಕೊಟ್ಟಿದ್ದೆ ಎಂದರು. ಅದನ್ನು ಒಪ್ಪಲಿಲ್ಲ. ಇಂಥ ಹೊತ್ತಿನಲ್ಲಿ ಅಂಥ ಬೇಡಿಕೆಯೂ ಬರುತ್ತದೆಂದು ಮೊದಲೇ ಎಣಿಸಿರಬೇಕು.

ಇನ್ನು ಲೆಕ್ಕಕ್ಕೆ ಹಾಕುವ ಕೆಲಸ. ಅಲ್ಲಿಯವರೆಗಿನದಕ್ಕಿಂತ ಹೆಚ್ಚು ವಾದ ನಡೆದದ್ದು ಇದರಲ್ಲೇ.

ಯಜಮಾನರಿಗೆ ಮರ್ಯಾದೆಯ ಚಿಂತೆ. "ಬ್ಯಾಡ್ ಡೆಟ್ ಅಂತ ಬರದಬಿಡ್ರಿ ಮೇಡಂ, ಯಾರಿಗೂ ಗೊತ್ತಾಗೂದಿಲ್ಲ" ಎಂದರು. ಆದರೆ ಹಾಗೆ ಬರೆದರೆ ರೊಕ್ಕ ಕೊಟ್ಟ ಗಿರಾಕಿಗಳೇ ಮುಳುಗಿಸಿದವರೆಂದು ನಮ್ಮ ಪುಸ್ತಕ ಹೇಳುತ್ತದೆ. ಆದಾಯ ತೆರಿಗೆಯಲ್ಲಿ ಮುಳುಗಿದ ಸಾಲಕ್ಕೆ ಬೇರೆಯೇ ಕಲಮು, ಬೇರೆಯೇ ಷರತ್ತು. ಸುಳ್ಳು ಹೆಸರಿನ ನಷ್ಟ ಪ್ರಶ್ನೆ ಬಂದ ದಿನ ನಿಲ್ಲುವುದಿಲ್ಲ. ಮಗ ಇದಕ್ಕೆ ವಿರುದ್ಧ ತುದಿಯಲ್ಲಿದ್ದ. ಕ್ಯಾಶಿಯರ್ ಬರೆದುಕೊಟ್ಟಿದ್ದಾನಲ್ಲ, ಪೂರ್ತಿ 6,40,000 ಅವನಿಂದ ಬರಬೇಕೆಂದು ಆಸ್ತಿ ಕಡೆ ತೋರಿಸೋಣ, ನಷ್ಟವೇ ಬೇಡ ಎಂಬುದು ಅವನ ವಾದ. ಹಾಗೆ ಮಾಡಿದರೆ ತಿಂಗಳ ಸಂಬಳದಲ್ಲಿ ಬದುಕುವ ಮನುಷ್ಯನ ಒಂದು ಕಾಗದ 6,40,000ದ ಆಸ್ತಿ ಎಂದು ನಾವೇ ಸಹಿ ಹಾಕಿದಂತಾಗುತ್ತದೆ.

ಆಡಿಟರ್ ಸರ್ ಜೊತೆ ಕೂತು ಮಾಡಿದ್ದು ಇದು. ಮೊದಲು ಕ್ಯಾಶಿಯರನ ಹೆಸರಿನಲ್ಲೇ "ದುರುಪಯೋಗ ವಸೂಲಿ ಖಾತೆ" ತೆರೆದೆವು. ಗಿರಾಕಿಗಳ ಖಾತೆಗಳಿಗೆ ಅವರವರ ಪಾವತಿಯ ಮೊತ್ತ ಕ್ರೆಡಿಟ್, ಬ್ಯಾಂಕಿನ ಸುಳ್ಳು ಜಮೆಗೆ ಕ್ರೆಡಿಟ್, ಅಷ್ಟೂ ವಸೂಲಿ ಖಾತೆಗೆ ಡೆಬಿಟ್. ಇಲ್ಲಿಗೆ ನಷ್ಟದ ಮಾತಿಲ್ಲ, ಯಾರಿಂದ ಬರಬೇಕೆಂಬ ಹೆಸರು ಮಾತ್ರ ಸರಿಯಾಯಿತು. ನಂತರ ಅದರಲ್ಲಿ ಬರುವುದೆಂದು ನಂಬಲು ಆಧಾರವಿಲ್ಲದ ಪಾಲಿಗೆ ಲಾಭನಷ್ಟದಲ್ಲಿ "ನೌಕರನ ದುರುಪಯೋಗದಿಂದಾದ ನಷ್ಟ" ಎಂದು ಡೆಬಿಟ್ ಮಾಡಿ, ಅಷ್ಟೇ ಮೊತ್ತದ ಪ್ರಾವಿಷನ್ ಕಟ್ಟಿದೆವು. ಆಸ್ತಿ ಪಟ್ಟಿಯಲ್ಲಿ ವಸೂಲಿ ಖಾತೆಯ ಪೂರ್ತಿ ಮೊತ್ತ, ಅದರ ಕೆಳಗೆ ಪ್ರಾವಿಷನ್ ಕಳೆದು, ನಿಜಕ್ಕೂ ಬರುವಷ್ಟೇ ಉಳಿಯುತ್ತದೆ. ನೇರವಾಗಿ ಬಿಟ್ಟುಬಿಡುವುದಕ್ಕಿಂತ ಇದು ನನಗೆ ಹಿಡಿಸಿತು, ಏಕೆಂದರೆ ಅವನ ಹೆಸರಿನ ಖಾತೆ, ದೂರಿನ ಅಂಕಿ, ಕೋರ್ಟಿನ ದಾವೆಯ ಅಂಕಿ ಮೂರೂ ಒಂದೇ ಇರುತ್ತವೆ. ನಷ್ಟ ಬರೆದಿದ್ದೀರಿ, ಹಾಗಾದರೆ ಬಿಟ್ಟುಕೊಟ್ಟಿದ್ದೀರಲ್ಲ ಎಂದು ನಾಳೆ ಯಾರಾದರೂ ಕೇಳಿದರೆ ಪುಸ್ತಕವೇ ಉತ್ತರ ಕೊಡುತ್ತದೆ.

ಎಷ್ಟು ಬರುತ್ತದೆ ಎಂಬುದಕ್ಕೆ ಆಡಿಟರ್ ಸರ್ ಕಟ್ಟುನಿಟ್ಟಾಗಿದ್ದರು. ಬಹುತೇಕ ಖಚಿತವಲ್ಲದ ವಸೂಲಿಯನ್ನು ಆಸ್ತಿಯೆಂದು ತೋರಿಸಬಾರದೆಂಬುದು ಲೆಕ್ಕಪತ್ರ ಮಾನದಂಡ 29ರ ನಿಲುವು. ಕ್ಯಾಶಿಯರ್ ಹೆಂಡತಿಯ ಬಂಗಾರ ಅಡವಿಟ್ಟು 1,00,000 ಬ್ಯಾಂಕಿನ ಮೂಲಕ ತಕ್ಷಣ ಕಟ್ಟಿದ. ಸರ್ಕಾರಿ ನೌಕರಿಯಲ್ಲಿದ್ದ ಅವನ ಭಾವ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರ್ ತಿಂಗಳಿನ 50,000ದ ಮೂರು ಚೆಕ್ ಕೊಟ್ಟರು. ಉಳಿದ 3,90,000ಕ್ಕೆ ಊರಿನ ಜಾಗದ ಮಾತು ಬಂತು, ಆದರೆ ಅದು ಅಣ್ಣತಮ್ಮಂದಿರ ಪಾಲಾಗದ ಜಂಟಿ ಆಸ್ತಿ. ಸೆಪ್ಟೆಂಬರ್ ಕೊನೆಗೆ ಲೆಕ್ಕಕ್ಕೆ ಸಹಿಯಾಗುವ ಹೊತ್ತಿಗೆ ಎರಡು ಚೆಕ್ ಪಾಸಾಗಿದ್ದವು. ಕೈಗೆ ಬಂದ ಆ 2,00,000ವನ್ನಷ್ಟೇ ಬರುವ ಆಸ್ತಿಯೆಂದು ಸರ್ ಒಪ್ಪಿದರು. ಮೂರನೇ ಚೆಕ್ಕನ್ನೂ ಸೇರಿಸಲಿಲ್ಲ.

ವಿಮೆಯಿಂದ ಏನಾದರೂ ಸಿಗಬಹುದೆಂದು ಯಜಮಾನರು ಆಸೆ ಇಟ್ಟುಕೊಂಡಿದ್ದರು. ಪಾಲಿಸಿ ಓದಿದೆ. ಅದು ಗಲ್ಲೆಯಲ್ಲಿರುವ, ದಾರಿಯಲ್ಲಿ ಒಯ್ಯುವ ನಗದಿಗೆ ಮಾಡಿಸಿದ್ದು. ನೌಕರನೇ ಎತ್ತಿದರೆ, ಅದು 48 ಗಂಟೆಯೊಳಗೆ ಪತ್ತೆಯಾಗಿದ್ದರೆ ಮಾತ್ರ ಪರಿಹಾರ ಎಂದು ಅದರಲ್ಲಿ ಬರೆದಿತ್ತು. ನೌಕರರ ಅಪ್ರಾಮಾಣಿಕತೆಗೆಂದೇ ಇರುವ ಫಿಡೆಲಿಟಿ ಗ್ಯಾರಂಟಿ ಪಾಲಿಸಿ ಬೇರೆ. ಅದನ್ನು ಮಾಡಿಸಿರಲಿಲ್ಲ. ಪಿಎಫ್ ಹಣಕ್ಕೂ ಕೈ ಹಾಕುವಂತಿರಲಿಲ್ಲ, ಆಗಿನ ಪಿಎಫ್ ಕಾಯ್ದೆಯ 10ನೇ ಕಲಮು ಅದನ್ನು ಜಪ್ತಿಯಿಂದ ಕಾಪಾಡುತ್ತಿತ್ತು.

ಮಾರ್ಚ್ 31ರ ಅಂಕಿಯ ಕಥೆ ಈಗ. ಪತ್ತೆಯಾದದ್ದು ಜುಲೈನಲ್ಲಿ, ಆದರೆ 2023-24ರ ಲೆಕ್ಕಕ್ಕೆ ಇನ್ನೂ ಸಹಿ ಬಿದ್ದಿರಲಿಲ್ಲ. ವರ್ಷ ಮುಗಿದ ಮೇಲೆ ತಿಳಿದ ಸಂಗತಿ, ವರ್ಷಾಂತ್ಯದ ದಿನ ಆಗಲೇ ಇದ್ದ ಸ್ಥಿತಿಯನ್ನು ತೋರಿಸಿಕೊಡುವುದಾದರೆ ಆ ವರ್ಷದ ಲೆಕ್ಕವನ್ನೇ ತಿದ್ದಬೇಕೆಂದು ಮಾನದಂಡ 4 ಹೇಳುತ್ತದೆ. ಮಾರ್ಚ್ 31ರಂದು 4,10,000 ಅಂಗಡಿಯಲ್ಲಿರಲಿಲ್ಲ ಎಂಬುದು ಸತ್ಯ. ಹಾಗಾಗಿ ಅಷ್ಟನ್ನು ಆ ವರ್ಷದ ಪುಸ್ತಕದಲ್ಲಿ ವಸೂಲಿ ಖಾತೆಗೆ ತಂದೆವು. ಬಂದ 2,00,000 ಯಾವ ಪಾಲಿಗೆ ಸೇರಬೇಕೆಂಬ ಪ್ರಶ್ನೆ ಎದ್ದಿತು. ಮೊದಲು ಹೋದದ್ದಕ್ಕೇ ಮೊದಲು ಜಮಾ ಎಂದು ಕ್ಯಾಶಿಯರನ ಜೊತೆ ಮಾಡಿಕೊಂಡ ಕರಾರುಪತ್ರದಲ್ಲಿ ಬರೆಸಿದ್ದು ಇಲ್ಲಿ ಉಪಯೋಗಕ್ಕೆ ಬಂತು. ಹೀಗೆ 2023-24ರಲ್ಲಿ ವಸೂಲಿ ಖಾತೆ 4,10,000, ಪ್ರಾವಿಷನ್ 2,10,000, ಬರುವುದು 2,00,000. ಏಪ್ರಿಲ್ ನಂತರದ 2,30,000 ಪೂರ್ತಿ 2024-25ರ ನಷ್ಟ.

ತೆರಿಗೆಯ ದಾರಿ ಮಾತ್ರ ಬೇರೆ. ನೌಕರನ ದುರುಪಯೋಗದಿಂದಾದ ನಷ್ಟ ವ್ಯಾಪಾರಕ್ಕೇ ಅಂಟಿಕೊಂಡ ನಷ್ಟ ಎಂದು ಸುಪ್ರೀಂ ಕೋರ್ಟ್ 1958ರಲ್ಲೇ ಬದ್ರಿದಾಸ್ ದಾಗಾ ಪ್ರಕರಣದಲ್ಲಿ ಒಪ್ಪಿದೆ. ಯಾವ ವರ್ಷಕ್ಕೆ ಎಂಬುದನ್ನು ನೇರ ತೆರಿಗೆ ಮಂಡಳಿಯ 1965ರ 35-ಡಿ ಸುತ್ತೋಲೆ ಹೇಳುತ್ತದೆ: ಪತ್ತೆಯಾದ ವರ್ಷಕ್ಕೆ. ನಮ್ಮದು ಪತ್ತೆಯಾದದ್ದು 2024-25ರಲ್ಲಿ. ಆದ್ದರಿಂದ 2023-24ರ ಪುಸ್ತಕದಲ್ಲಿ ಬರೆದ 2,10,000 ನಷ್ಟವನ್ನು ಆ ವರ್ಷದ ತೆರಿಗೆ ಲೆಕ್ಕದಲ್ಲಿ ಆದಾಯಕ್ಕೆ ತಿರುಗಿ ಕೂಡಿಸಿ, ಮುಂದಿನ ವರ್ಷ ಕೇಳಲು ಬಿಟ್ಟೆವು. ಯಜಮಾನರಿಗೆ ಇದು ನುಂಗಲು ಕಷ್ಟವಾಯಿತು, ಕಳವಾದ ರೊಕ್ಕದ ಮೇಲೂ ಒಂದು ವರ್ಷ ತೆರಿಗೆ ಕಟ್ಟಿದಂತಾಯಿತಲ್ಲ ಎಂದು. ಅವರ ಸಂಕಟ ನ್ಯಾಯವೇ. ಇನ್ನೊಂದು ಎಚ್ಚರಿಕೆಯೂ ಇದೆ. ತಿರುಗಿ ಬರುವ ಸಮಂಜಸ ಆಸೆ ಇರುವವರೆಗೆ ನಷ್ಟವಾಯಿತೆನ್ನಲಾಗದು ಎಂದು 1965ರ ಅಸೋಸಿಯೇಟೆಡ್ ಬ್ಯಾಂಕಿಂಗ್ ಕಾರ್ಪೊರೇಷನ್ ಪ್ರಕರಣದಲ್ಲಿ ಅದೇ ಕೋರ್ಟ್ ಹೇಳಿದೆ. ಅದಕ್ಕೇ ಜಾಗ ಜಂಟಿ ಆಸ್ತಿ ಎಂಬುದರ ಉತಾರ, ಅವನ ಸಾಲಗಳ ಪಟ್ಟಿ, ವಕೀಲರ ಅಭಿಪ್ರಾಯ ಎಲ್ಲವನ್ನೂ ಫೈಲಿನಲ್ಲಿ ಇಟ್ಟೆವು. ಜಿಎಸ್‌ಟಿಯಲ್ಲಿ ಏನೂ ಬದಲಾಗಲಿಲ್ಲ. ಮಾಲು ಮಾರಿದ್ದು ನಿಜ, ಬಿಲ್ಲು ನಿಜ, ಹೋದದ್ದು ಮಾಲಲ್ಲ, ನಗದು.

ಬ್ಯಾಂಕಿಗೂ ಹೇಳಬೇಕಾಯಿತು. ಅಂಗಡಿಯ ಕ್ಯಾಶ್ ಕ್ರೆಡಿಟ್ ಮಿತಿ ಪ್ರತಿ ತಿಂಗಳು ಕೊಡುವ ದಾಸ್ತಾನು ಮತ್ತು ಉದ್ರಿ ಪಟ್ಟಿಯ ಮೇಲೆ ನಿಂತಿತ್ತು. ತಿಂಗಳುಗಟ್ಟಲೆ ಆ ಪಟ್ಟಿಯಲ್ಲಿ ಇಲ್ಲದ ಬಾಕಿ ಸೇರಿಕೊಂಡಿತ್ತು. ತಿದ್ದಿದ ಪಟ್ಟಿಯೊಡನೆ ಪತ್ರ ಕೊಟ್ಟೆವು.

ದೂರಿನ ಬಗ್ಗೆ ಮನೆಯವರಲ್ಲೇ ಒಡಕಿತ್ತು. ರೊಕ್ಕ ಕೊಟ್ಟರೆ ದೂರು ಕೊಡುವುದಿಲ್ಲ ಎಂಬ ಸಾಲನ್ನು ಕರಾರಿನಲ್ಲಿ ಸೇರಿಸಲು ಕ್ಯಾಶಿಯರನ ಕಡೆಯವರು ಕೇಳಿದ್ದರು. ವಕೀಲರು ಬೇಡವೆಂದರು. ಕ್ರಿಮಿನಲ್ ಕೇಸನ್ನು ಅದುಮಿಡುವುದಕ್ಕೆ ಬದಲಾಗಿ ರೊಕ್ಕ ಎಂಬ ಕರಾರು ಕರಾರು ಕಾಯ್ದೆಯ 23ನೇ ಕಲಮಿನಡಿ ಊರ್ಜಿತವಲ್ಲ, ಆ ಒಂದು ಸಾಲಿನಿಂದ ಇಡೀ ಪತ್ರವೇ ಬಿದ್ದುಹೋಗಬಹುದು ಎಂದರು. ಪತ್ರದಲ್ಲಿ ಸಾಲದ ಒಪ್ಪಿಗೆ, ಕಂತು, ಜಮಾ ಮಾಡುವ ಕ್ರಮ, ಭಾವನ ಜಾಮೀನು ಇಷ್ಟೇ ಉಳಿಯಿತು. ದೂರು ಬೇರೆಯಾಗಿಯೇ ಹೋಯಿತು. ಅದರಲ್ಲೊಂದು ತೊಡಕಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂದಿತ್ತು. ಜೂನ್ 30ರವರೆಗೆ ಎತ್ತಿದ್ದಕ್ಕೆ ಹಳೇ ದಂಡ ಸಂಹಿತೆಯ 408, ಆಮೇಲಿನದಕ್ಕೆ ಹೊಸ ಸಂಹಿತೆಯ 316(4). ಎರಡರಲ್ಲೂ ಏಳು ವರ್ಷದವರೆಗೆ ಶಿಕ್ಷೆ, ಆದರೆ ಯಾವ ಪಾವತಿ ಯಾವುದರಡಿ ಎಂದು ಬೇರ್ಪಡಿಸಿ ಕೊಡಬೇಕಿತ್ತು. ನಮ್ಮ ಹಾಳೆಯಲ್ಲಿ ಪ್ರತಿ ಪಾವತಿಗೂ ದಿನಾಂಕ ಇದ್ದದ್ದರಿಂದ ಜೂನ್ 30ರ ಕೆಳಗೆ ಒಂದು ಗೆರೆ ಎಳೆದರೆ ಸಾಕಾಯಿತು. ಮೂಲ ಪಾವತಿ ಪುಸ್ತಕಗಳನ್ನು ಪೊಲೀಸರು ವಶಕ್ಕೆ ತೆಗೆದುಕೊಳ್ಳುವ ಮೊದಲು ಪ್ರತಿ ಹಾಳೆಯನ್ನೂ ಸ್ಕ್ಯಾನ್ ಮಾಡಿಸಿಟ್ಟೆವು. ಇಲ್ಲದಿದ್ದರೆ ಆಡಿಟ್‌ಗೆ ತೋರಿಸಲು ಏನೂ ಉಳಿಯುತ್ತಿರಲಿಲ್ಲ.

ಅಂಗಡಿಯಲ್ಲಿ ಬದಲಾದದ್ದು ಎರಡೇ. ರೊಕ್ಕ ತೆಗೆದುಕೊಳ್ಳುವವರು ಈಗ ಟ್ಯಾಲಿಗೆ ಕೈ ಹಾಕುವುದಿಲ್ಲ, ಜಮಾ ಬರೆಯುವುದು ಬೇರೆಯವರು, ಪಾವತಿ ನಂಬರು ಹಾಕದೆ ಬರೆಯುವಂತಿಲ್ಲ. ಜಮಾ ಆದ ತಕ್ಷಣ ಗಿರಾಕಿಯ ಮೊಬೈಲಿಗೆ ಉಳಿದ ಬಾಕಿಯ ಸಂದೇಶ ಹೋಗುತ್ತದೆ. ಎರಡನೆಯದೇ ಹೆಚ್ಚು ಗಟ್ಟಿ ಎಂದು ನನ್ನ ಅನಿಸಿಕೆ, ಏಕೆಂದರೆ ಸಂದೇಶ ಬಾರದಿದ್ದರೆ ಹಳ್ಳಿಯ ಅಂಗಡಿಯವರು ಸಂಜೆಯೊಳಗೆ ಫೋನ್ ಮಾಡುತ್ತಾರೆ.

ಅಕ್ಟೋಬರ್‌ನಲ್ಲಿ ಮೂರನೇ ಚೆಕ್ಕೂ ಪಾಸಾಯಿತು. 50,000 ವಸೂಲಿ ಖಾತೆಗೆ ಜಮಾ ಆಯಿತು, ಅಷ್ಟೇ ಪ್ರಾವಿಷನ್ ತಿರುಗಿ ಆದಾಯಕ್ಕೆ ಬಂತು. 2024-25ರ ತೆರಿಗೆ ಲೆಕ್ಕದಲ್ಲಿ ಹಿಂದಿನ ವರ್ಷದ 2,10,000, ಈ ವರ್ಷದ 2,30,000 ಸೇರಿಸಿ, ಬಂದ 50,000 ಕಳೆದು, 3,90,000 ನಷ್ಟ ಕೇಳಿದೆವು. ವಸೂಲಿ ಖಾತೆಯಲ್ಲಿ ಈಗ 3,90,000 ಇದೆ, ಅದರೆದುರು 3,90,000 ಪ್ರಾವಿಷನ್, ನಿವ್ವಳ ಸೊನ್ನೆ. ವಸೂಲಿಗೆ ದಾವೆ ಹೂಡಲು ಮೂರು ವರ್ಷದ ಅವಧಿ. ಮೋಸ ಇದ್ದಲ್ಲಿ ಅದು ಪತ್ತೆಯಾದ ದಿನದಿಂದ ಎಣಿಕೆ ಶುರುವಾಗುತ್ತದೆ, ಹಾಗಾಗಿ ಪತ್ತೆಯಾದ ದಿನವನ್ನೂ ಒಪ್ಪಿಗೆಪತ್ರದ ಮೇಲಿನ ದಿನಾಂಕವನ್ನೂ ವಕೀಲರು ತಮ್ಮ ಪಟ್ಟಿಯಲ್ಲಿ ಗುರುತು ಹಾಕಿಕೊಂಡಿದ್ದಾರೆ. ಅಣ್ಣತಮ್ಮಂದಿರ ಪಾಲು ಆದರೆ ಅವನ ಭಾಗದ ಜಾಗ ಸಿಗಬಹುದು. ಆಗ ಬಂದ ರೊಕ್ಕ ಬಂದ ವರ್ಷದ ಆದಾಯವಾಗಿ ತೆರಿಗೆಗೆ ಒಳಪಡುತ್ತದೆಂದು ಯಜಮಾನರಿಗೆ ಈಗಲೇ ಹೇಳಿ, ಫೈಲಿನ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ.